ನಮ್ಮ ನರ್ಸಮ್ಮನಿಗೆ ಕೊನೆಯ ಪ್ರಾರ್ಥನೆ

ಎಲ್ಲರೂ ಸ್ವಲ್ಪ ಹತ್ತಿರ ಬನ್ನಿ. ವಯಸ್ಸಾದವರು ಕೂತೇ ಇರಿ.

ನರ್ಸಮ್ಮನನ್ನು ಕಳಿಸಿಕೊಡಲು ಸೇರಿದ್ದೇವೆ. ಇಲ್ಲಿ ಶಿವನನ್ನು ನೆನೆಯುವವರಿದ್ದೀರಿ, ಅಲ್ಲಾಹನನ್ನು, ಯೇಸುವನ್ನು ಕರೆಯುವವರಿದ್ದೀರಿ. ದೇವರನ್ನು ನಂಬದವರೂ ಇದ್ದೀರಿ. ಯಾರೂ ಇನ್ನೊಬ್ಬರ ಮಾತನ್ನು ಹೇಳಬೇಕಿಲ್ಲ. ನಿಮ್ಮ ಮನಸ್ಸಿಗೆ ಬಂದಂತೆ ಹೇಳಿಕೊಳ್ಳಿ.

ನಡುರಾತ್ರಿ ಬಾಗಿಲು ಬಡಿದರೆ ಇವರು ‘ಯಾವ ಜನ’ ಅಂತ ಕೇಳಲಿಲ್ಲ. ‘ನೋವು ಶುರುವಾಗಿ ಎಷ್ಟು ಹೊತ್ತಾಯ್ತು’ ಅಂತಷ್ಟೇ ಕೇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಾರ್ಚ್ ಹಿಡಿದು ಹೊರಟೇಬಿಡುತ್ತಿದ್ದರು. ಇಲ್ಲಿ ನಿಂತಿರುವ ಎಷ್ಟೋ ಜನರನ್ನು ಮೊದಲು ಎತ್ತಿಕೊಂಡ ಕೈ ಇದು.

ಅಮ್ಮಾ, ಆ ಕೈಗೆ ಇನ್ನು ವಿಶ್ರಾಂತಿ ಸಿಗಲಿ. ಈಚಿನ ತಿಂಗಳುಗಳ ನರಳಾಟ ಇಲ್ಲಿಗೇ ಮುಗಿಯಲಿ. ನಮ್ಮಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ. ನಿಮ್ಮ ಮಗಳಿಗೆ, ಮೊಮ್ಮಕ್ಕಳಿಗೆ ಧೈರ್ಯ ಬರಲಿ. ಬಂದವರೆಲ್ಲ ಊರಿಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತದಲ್ವಾ, ಆಗಲೂ ಅವರ ಜೊತೆ ನಾವಿರುತ್ತೇವೆ.

ಈಗ ಒಂದು ನಿಮಿಷ ಮೌನ. ಕೈ ಮುಗಿಯುವವರು ಮುಗಿಯಿರಿ. ಬೊಗಸೆ ಒಡ್ಡುವವರು ಒಡ್ಡಿ. ಶಿಲುಬೆ ಗುರುತು ಹಾಕುವವರು ಹಾಕಿಕೊಳ್ಳಿ. ಸುಮ್ನೆ ನಿಲ್ಲುವವರು ನಿಲ್ಲಿ. ಆಮೇಲೆ ಮೊದಲು ಮಗಳು ಹೂವು ಇಡಲಿ, ನಂತರ ನಾವೆಲ್ಲ.