ಅಂಕಿಅಂಶ ವಿಶ್ಲೇಷಣೆ: ಒಂದೇ ಬಾಯಿಯ ಹಲ್ಲುಗಳು

ಪ್ರೋಬ್ ಹಾಕಿದಾಗ ಹಲ್ಲಿನ ಸುತ್ತ ರಕ್ತ ಬಂದರೆ 1, ಇಲ್ಲದಿದ್ದರೆ 0. ಒಟ್ಟು 36 ರೋಗಿಗಳು, ತಲಾ ಗರಿಷ್ಠ 28 ಹಲ್ಲು. ಒಂದೇ ಬಾಯಿಯ ಹಲ್ಲುಗಳು ಪರಸ್ಪರ ಸ್ವತಂತ್ರವಲ್ಲ. ಆದ್ದರಿಂದ ರೋಗಿಯನ್ನೇ ಗುಂಪಾಗಿಟ್ಟು, ಲಾಜಿಟ್ ಕೊಂಡಿಯೊಡನೆ ಸಾಮಾನ್ಯೀಕೃತ ಅಂದಾಜು ಸಮೀಕರಣ (ಜಿಇಇ) ಬಳಸಿದೆವು. ಸಿಗುವ ಆಡ್ಸ್ ಅನುಪಾತ ಸಮೂಹದ ಸರಾಸರಿಯದು, ಒಬ್ಬ ರೋಗಿಯದಲ್ಲ.

ಕಾರ್ಯಕಾರಿ ಸಹಸಂಬಂಧಕ್ಕೆ ಸಮ-ವಿನಿಮಯ ರಚನೆಯನ್ನು ದತ್ತಾಂಶ ನೋಡುವ ಮೊದಲೇ ಆರಿಸಿದೆವು. ಹಲ್ಲುಗಳಿಗೆ ಕಾಲಕ್ರಮವಿಲ್ಲ, ಹಾಗಾಗಿ ಎಆರ್-1 ಅರ್ಥಹೀನ. ರಚನಾರಹಿತಕ್ಕೆ 28×27/2 = 378 ಸಹಸಂಬಂಧಗಳು ಬೇಕು; 36 ಜನರಿಂದ ಅದು ಸಾಧ್ಯವೇ ಇಲ್ಲ. ರಚನೆ ತಪ್ಪಿದ್ದರೂ ಸ್ಯಾಂಡ್‌ವಿಚ್ ದೋಷಾಂದಾಜು ಸರಿಯಾಗಿಯೇ ಉಳಿಯುತ್ತದೆ, ಆದರೆ ಗುಂಪು ಕಡಿಮೆಯಿದ್ದಾಗ ಅದು ನಿಜಕ್ಕಿಂತ ಕಿರಿದಾಗುತ್ತದೆ. ಅದಕ್ಕೆ ಮ್ಯಾಂಕಲ್–ಡೆರೂಎನ್ ತಿದ್ದುಪಡಿ. ವಸಡು ರೋಗದಿಂದಲೇ ಹಲ್ಲು ಉದುರಿರಬಹುದಾದ್ದರಿಂದ, ಪ್ರತಿ ಹಲ್ಲಿಗೆ 1/ಆ ರೋಗಿಯ ಹಲ್ಲುಸಂಖ್ಯೆ ತೂಕ ಕೊಟ್ಟು, ಸ್ವತಂತ್ರ ರಚನೆಯಲ್ಲಿ ಮರುವಿಶ್ಲೇಷಿಸಿದೆವು.