ಕರ್ನಾಟಕದ ಗ್ರಾಮ–ನಗರ ಜನಸಂಖ್ಯೆ ಮತ್ತು ಸಾಕ್ಷರತೆ: ನಕ್ಷೆ, ಕೋಷ್ಟಕಗಳ ವರದಿ

ವೃತ್ತ ನಕ್ಷೆ (2011): ಗ್ರಾಮೀಣ ಶೇ 61.33, ನಗರ ಶೇ 38.67

ಸಾಕ್ಷರತೆ, 7 ವರ್ಷ ಮೇಲ್ಪಟ್ಟವರು (ಶೇ)

| | 2001 | 2011 |
|---|---|---|
| ಗ್ರಾಮೀಣ ಪುರುಷರು | 70.45 | 77.61 |
| ಗ್ರಾಮೀಣ ಮಹಿಳೆಯರು | 48.01 | 59.71 |
| ನಗರದ ಪುರುಷರು | 86.66 | 90.04 |
| ನಗರದ ಮಹಿಳೆಯರು | 74.12 | 81.36 |
| ಇಡೀ ರಾಜ್ಯ | 66.64 | 75.36 |

ವೃತ್ತ ನಕ್ಷೆಯು 2011ರ ಜನಗಣತಿಯ ಪ್ರಕಾರ ರಾಜ್ಯದ 6.11 ಕೋಟಿ ಜನರು ಹಳ್ಳಿ ಮತ್ತು ಪಟ್ಟಣಗಳ ನಡುವೆ ಹೇಗೆ ಹಂಚಿಹೋಗಿದ್ದಾರೆ ಎಂಬುದನ್ನು ತೋರಿಸುತ್ತದೆ. ಕೋಷ್ಟಕವು ಹತ್ತು ವರ್ಷಗಳ ಅಂತರದಲ್ಲಿ ಸಾಕ್ಷರತೆ ಎಷ್ಟು ಏರಿತೆಂದು ಹೇಳುತ್ತದೆ.

ವೃತ್ತದ ಐದರಲ್ಲಿ ಮೂರು ಭಾಗಕ್ಕಿಂತ ತುಸು ಹೆಚ್ಚು ಹಳ್ಳಿಗಳದು. ಗ್ರಾಮೀಣರು ಮತ್ತು ನಗರವಾಸಿಗಳ ಅನುಪಾತ ಸುಮಾರು 8:5. ಈ ಅಸಮ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೋಷ್ಟಕವನ್ನು ಓದಬೇಕು. 2011ರ ನಾಲ್ಕು ಗುಂಪುಗಳ ಅಂಕಿಗಳನ್ನು ಸುಮ್ಮನೆ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಶೇ 77ಕ್ಕೂ ಹೆಚ್ಚು ಬರುತ್ತದೆ. ರಾಜ್ಯದ ನಿಜವಾದ ಪ್ರಮಾಣ ಶೇ 75.36. ಹಳ್ಳಿಯ ಪಾಲು ದೊಡ್ಡದಾದ್ದರಿಂದ ಸರಾಸರಿ ಆ ಕಡೆಗೆ ವಾಲಿದೆ.

ನಾಲ್ಕೂ ಗುಂಪುಗಳಲ್ಲಿ ಏರಿಕೆಯಿದೆ. ನಗರದ ಪುರುಷರದು ಅತಿ ಕಡಿಮೆ, 3.38 ಶೇಕಡಾವಾರು ಅಂಶ. ಹತ್ತರಲ್ಲಿ ಒಂಬತ್ತು ಮಂದಿ ಸಾಕ್ಷರರಾಗಿರುವಾಗ ಏರಲು ಉಳಿದಿರುವ ಜಾಗವೇ ಕಡಿಮೆ. ಗ್ರಾಮೀಣ ಪುರುಷರು ಮತ್ತು ನಗರದ ಮಹಿಳೆಯರು ತಲಾ ಏಳು ಅಂಶಕ್ಕಿಂತ ಸ್ವಲ್ಪ ಹೆಚ್ಚು ಮೇಲೇರಿದ್ದಾರೆ.

ಈ ಕೋಷ್ಟಕದ ಅತಿ ಮುಖ್ಯ ಸಾಲು ಗ್ರಾಮೀಣ ಮಹಿಳೆಯರದು. 2001ರಲ್ಲಿ ಅವರಲ್ಲಿ ಅರ್ಧದಷ್ಟು ಮಂದಿಯೂ ಸಾಕ್ಷರರಾಗಿರಲಿಲ್ಲ. 2011ರ ಹೊತ್ತಿಗೆ ಐವರಲ್ಲಿ ಮೂವರು ಅಕ್ಷರ ಕಲಿತಿದ್ದರು. ಏರಿಕೆ 11.70 ಅಂಶ, ಅಂದರೆ ಮೊದಲಿದ್ದ ಪ್ರಮಾಣದ ಸುಮಾರು ಕಾಲು ಭಾಗ. ಬೇರೆ ಯಾವ ಗುಂಪೂ ಇಷ್ಟು ಮುಂದೆ ಬಂದಿಲ್ಲ. ಹಳ್ಳಿಯ ಗಂಡು–ಹೆಣ್ಣುಗಳ ನಡುವಿನ ಅಂತರವೂ 22.44ರಿಂದ 17.90 ಅಂಶಕ್ಕೆ ಇಳಿದಿದೆ.

ಆದರೂ ಈ ಏರಿಕೆಯನ್ನಷ್ಟೇ ಹೇಳಿ ನಿಲ್ಲಿಸುವುದು ಸರಿಯಲ್ಲ. ಅದೇ ಅಂಕಿಯನ್ನು ತಿರುಗಿಸಿ ನೋಡಿದರೆ, 2011ರಲ್ಲೂ ಗ್ರಾಮೀಣ ಮಹಿಳೆಯರಲ್ಲಿ ಶೇ 40.29ರಷ್ಟು ಮಂದಿ ಅನಕ್ಷರಸ್ಥರು. ನಗರದ ಪುರುಷರಲ್ಲಿ ಈ ಪ್ರಮಾಣ ಶೇ 9.96, ಅಂದರೆ ನಾಲ್ಕು ಪಟ್ಟು ವ್ಯತ್ಯಾಸ. ನಗರದ ಮಹಿಳೆಯರೊಂದಿಗೆ ಹೋಲಿಸಿದರೂ ಅವರು ಬಹಳ ಹಿಂದಿದ್ದಾರೆ: ನಗರದ ಮಹಿಳೆಯರು 2001ರಲ್ಲೇ ಮುಟ್ಟಿದ್ದ ಶೇ 74.12ನ್ನು ತಲುಪಲು 2011ರಲ್ಲೂ ಇವರಿಗೆ 14 ಅಂಶಕ್ಕಿಂತ ಹೆಚ್ಚು ಬಾಕಿಯಿತ್ತು. ಇನ್ನೊಂದೆಡೆ, 2011ರಲ್ಲಿ ನಗರದ ಮಹಿಳೆಯರು ಗ್ರಾಮೀಣ ಪುರುಷರಿಗಿಂತ 3.75 ಅಂಶ ಮುಂದಿದ್ದಾರೆ. ಹೆಣ್ಣೆಂಬ ಕಾರಣದಷ್ಟೇ, ಹುಟ್ಟಿ ಬೆಳೆದ ಊರಿನಲ್ಲಿ ಇರುವ ಅನುಕೂಲಗಳೂ ಈ ಅಂಕಿಗಳನ್ನು ನಿರ್ಧರಿಸಿರುವಂತೆ ಕಾಣುತ್ತದೆ.