ಬಿರುಕು ಬಿಟ್ಟ ಲೋಟಗಳ ಬಾಕ್ಸ್ ವಾಪಸ್, ಬದಲಿ ಮಾಲು ಕಳಿಸುವ ಬಗ್ಗೆ

ಗೋಣಿಕೊಪ್ಪಲು,
11 ನವೆಂಬರ್ 2025

ಮಾಲೀಕರಿಗೆ,
ಗಾಜಿನ ಸಾಮಾನಿನ ಸಗಟು ಅಂಗಡಿ,
ಮೈಸೂರು

ಬಿಲ್ ನಂಬರ್ 1846, ತಾರೀಕು 6-11-2025

ಸಾಹುಕಾರರಿಗೆ ನಮಸ್ಕಾರ.

ಈ ಬಿಲ್ಲಿನಲ್ಲಿ ನೀವು ಕಳಿಸಿದ ಮೂರು ಬಾಕ್ಸ್ ಟೀ ಲೋಟ ಶನಿವಾರ ಸಂಜೆ ಲಾರಿಯಲ್ಲಿ ಬಂದು ಸೇರಿತು. ಎರಡು ಬಾಕ್ಸ್ ಚೆನ್ನಾಗಿದೆ, ಅದರ ಬಗ್ಗೆ ಮಾತಿಲ್ಲ. ಮೂರನೆಯದರಲ್ಲಿ ಇದ್ದ ಆರು ಡಜನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಲೋಟ ಬಿರುಕು ಬಿಟ್ಟಿವೆ. ಆ ಬಾಕ್ಸನ್ನು ಪೂರ್ತಿ ವಾಪಸ್ ಕಳಿಸುತ್ತಿದ್ದೇನೆ. ಬದಲಿಗೆ ಬೇರೆ ಬಾಕ್ಸ್ ಕಳಿಸಿಕೊಡಬೇಕು.

ಇದು ಗೊತ್ತಾದದ್ದು ಹೇಗೆ ಅಂತ ಹೇಳುತ್ತೇನೆ. ಭಾನುವಾರ ಇಲ್ಲಿ ಸಂತೆ, ನಿಮಗೆ ಗೊತ್ತೇ ಇದೆ. ಗಿರಾಕಿಗಳ ಗಲಾಟೆಯಲ್ಲಿ ಅದೇ ಬಾಕ್ಸ್ ಒಡೆದು ಒಂದು ಡಜನ್ ಟೀ ಹೋಟೆಲಿನವರಿಗೆ ಕೊಟ್ಟೆ. ಹತ್ತು ವರ್ಷದಿಂದ ನನ್ನ ಹತ್ತಿರವೇ ಲೋಟ ತೆಗೆದುಕೊಳ್ಳುವವರು. ಒಂದೊಂದಾಗಿ ನೋಡದೆ ನಂಬಿಕೆಯ ಮೇಲೆ ಕಟ್ಟಿಸಿಕೊಂಡು ಹೋದರು. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಕುದಿಯುವ ಟೀ ಹುಯ್ದ ಕೂಡಲೇ ಲೋಟದ ತಳ ಬಳೆಯ ಹಾಗೆ ದುಂಡಗೆ ಕಳಚಿ ಬಿದ್ದಿದೆ. ಟೀ ಪೂರ್ತಿ ಅವರ ಎಡಗೈ ಮೇಲೆ. ಬೆರಳುಗಳು ಕೆಂಪಾಗಿ ಊದಿದ್ದವು. ಒಂದು ಮಾತು ಬೈಯಲಿಲ್ಲ. ಸುಮ್ನೆ ಉಳಿದ ಹನ್ನೊಂದು ಲೋಟ, ಒಡೆದ ಚೂರು ಎಲ್ಲಾ ತಂದು ಮೇಜಿನ ಮೇಲೆ ಇಟ್ಟರು. ಆಗ ನನಗಾದ ಸಂಕಟ ಹೇಳಲಾರೆ. ಅವರ ದುಡ್ಡು ಅಲ್ಲೇ ವಾಪಸ್ ಕೊಟ್ಟೆ, ಒಳ್ಳೆ ಬಾಕ್ಸಿನಿಂದ ಒಂದು ಡಜನ್ ಹಾಗೇ ಕೊಟ್ಟೆ.

ಆಮೇಲೆ ನಾನೂ ಹುಡುಗನೂ ಕೂತು ಉಳಿದ 71 ಲೋಟವನ್ನೂ ಟಾರ್ಚ್ ಹಿಡಿದು ನೋಡಿದೆವು. 38ರಲ್ಲಿ ತಳದಿಂದ ಒಂದು ಬೆರಳು ಮೇಲೆ ಕೂದಲೆಳೆಯಷ್ಟು ಗೀರು ಸುತ್ತಿಕೊಂಡಿದೆ. ಹಾಗೇ ನೋಡಿದರೆ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ. ಚಮಚದಲ್ಲಿ ತಟ್ಟಿದರೆ ಒಳ್ಳೆ ಲೋಟ ಟಿಣ್ ಅನ್ನುತ್ತದೆ, ಇವು ಟಪ್ ಅಂತ ಸತ್ತ ಸದ್ದು ಮಾಡುತ್ತವೆ.

ದಾರಿಯಲ್ಲಿ ಆದದ್ದು ಅಂತ ನನಗೆ ಅನ್ನಿಸುವುದಿಲ್ಲ. ತಿತಿಮತಿ ಕಾಡಿನ ರಸ್ತೆಯಲ್ಲಿ ಹಂಪ್‌ಗಳಿರುವುದು ನಿಜ. ಆದರೆ ಏಟು ಬಿದ್ದಿದ್ದರೆ ಬಾಯಿ ಚಕ್ಕೆ ಏಳಬೇಕಿತ್ತು, ಒಂದೊಂದು ಒಂದೊಂದು ಕಡೆ ಒಡೆಯಬೇಕಿತ್ತು. ಎಲ್ಲಾ ಲೋಟದಲ್ಲೂ ಒಂದೇ ಜಾಗದಲ್ಲಿ ಗೀರು ಹೇಗೆ ಬರುತ್ತದೆ? ಬಾಕ್ಸ್ ಎಲ್ಲೂ ನಜ್ಜುಗುಜ್ಜಾಗಿಲ್ಲ, ಒದ್ದೆಯೂ ಆಗಿಲ್ಲ, ನಿಮ್ಮ ಟೇಪ್ ಹಾಗೇ ಇತ್ತು. ಕಾರ್ಖಾನೆಯಲ್ಲಿ ಬಿಸಿ ಲೋಟವನ್ನು ನಿಧಾನವಾಗಿ ಆರಿಸದೆ ಬೇಗ ತೆಗೆದರೆ ಗಾಜಿನ ಒಳಗೇ ಬಿಗಿ ಉಳಿದುಬಿಡುತ್ತದೆ, ಆಮೇಲೆ ಹೀಗೆ ಬಿಡುತ್ತದೆ. ಇದು ಹಾಗೇ ಇರಬೇಕು. ಲಾರಿಯವನ ಮೇಲೆ ಹಾಕಬೇಡಿ, ಅವನು ಜೋಪಾನವಾಗಿ ಇಳಿಸಿದ್ದಾನೆ.

ಬಂದ ದಿನವೇ ಬಾಕ್ಸ್ ಬಿಚ್ಚಿ ನೋಡದೆ ಸಹಿ ಮಾಡಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಹೊರಗೆ ಏನೂ ಕಾಣಲಿಲ್ಲ.

ಉಳಿದ 33ರಲ್ಲಿ ಗೀರು ಕಾಣುವುದಿಲ್ಲ. ಆದರೂ ಅವನ್ನು ಮಾರುವುದಕ್ಕೆ ನನಗೆ ಮನಸ್ಸಿಲ್ಲ. ಇನ್ನೊಬ್ಬರ ಕೈ ಸುಟ್ಟರೆ ನಾನು ಏನಂತ ಹೇಳಲಿ? ಆದ್ದರಿಂದ 71 ಲೋಟವನ್ನೂ ನಾಳೆ ಅದೇ ಲಾರಿಗೆ ಹಾಕುತ್ತೇನೆ. ಒಡೆದ ಲೋಟದ ಚೂರನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬದಲ್ಲಿ ಇಟ್ಟಿದ್ದೇನೆ, ಬಿಚ್ಚುವವರಿಗೆ ಹುಷಾರು ಅಂತ ಹೇಳಿ. ಫೋಟೋಗಳನ್ನು ನಿಮ್ಮ ವಾಟ್ಸಾಪಿಗೆ ನಿನ್ನೆಯೇ ಹಾಕಿದ್ದೇನೆ. ಹೋಗುವ ಬಾಡಿಗೆ ನಾನು ಕೊಡುತ್ತೇನೆ, ಬದಲಿ ಮಾಲಿನ ಬಾಡಿಗೆ ನೀವು ಹಾಕಿಕೊಳ್ಳಬೇಕು.

ಹೊಸ ಬಾಕ್ಸ್ ಇದೇ 20ರ ಒಳಗೆ ಬರಲಿ. ಹುತ್ತರಿ ಹತ್ತಿರ ಬರುತ್ತಿದೆ. ಅದರ ಹಿಂದೆಯೇ ಡಿಸೆಂಬರ್ ರಜೆಗೆ ಹೋಂಸ್ಟೇಗಳವರು ಬರುತ್ತಾರೆ. ಒಬ್ಬರು ಆಗಲೇ ನಾಲ್ಕು ಡಜನ್ ಹೇಳಿ ಹೋಗಿದ್ದಾರೆ. ದಯವಿಟ್ಟು ಈ ಲಾಟಿನ ಮಾಲು ಬೇಡ. ನಿಮ್ಮ ಗೋಡೌನಿನಲ್ಲಿ ಇದೇ ಲಾಟ್ ಇನ್ನೂ ಇದ್ದರೆ ಒಮ್ಮೆ ತಟ್ಟಿ ನೋಡಿಸಿ, ಬೇರೆ ಊರಿಗೂ ಹೋಗಿರಬಹುದು ಅಲ್ವಾ. ಬೇರೆ ಲಾಟ್ ಸಿಗದಿದ್ದರೆ 72 ಲೋಟಕ್ಕೆ 22 ರೂಪಾಯಿಯಂತೆ 1,584 ರೂಪಾಯಿಗೆ ಜಿಎಸ್‌ಟಿ ಸೇರಿಸಿ ಕ್ರೆಡಿಟ್ ನೋಟ್ ಕೊಡಿ. ಆದರೆ ನನಗೆ ಬೇಕಾಗಿರುವುದು ಲೋಟವೇ.

ಉಳಿದ ಎರಡು ಬಾಕ್ಸಿನ ದುಡ್ಡು ಎಂದಿನಂತೆ ತಿಂಗಳ ಕೊನೆಗೆ ಹಾಕುತ್ತೇನೆ, ಅದನ್ನು ಹಿಡಿದಿಡುವುದಿಲ್ಲ. ಬಾಕ್ಸ್ ಕೈಸೇರಿದ ದಿನ ಒಂದು ಫೋನ್ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಪಾತ್ರೆ ಅಂಗಡಿ ಮಾಲೀಕ,
ಗೋಣಿಕೊಪ್ಪಲು